ಏಳು ದಿನದ ಎಣಿಕೆ ಯಾವ ದಿನದಿಂದ?

ಸಿಪ್ರೊಫ್ಲಾಕ್ಸಸಿನ್ 500 ಮಿಲಿಗ್ರಾಂ, ಬೆಳಿಗ್ಗೆ ಒಂದು, ರಾತ್ರಿ ಒಂದು, ಏಳು ದಿನ. ಮೂತ್ರಪಿಂಡದ ತೀವ್ರ ಸೋಂಕಿಗೆ, ಎಂದರೆ ಪೈಲೊನೆಫ್ರೈಟಿಸ್‌ಗೆ, ವೈದ್ಯಕೀಯ ಪುಸ್ತಕಗಳು ಬಹುಕಾಲದಿಂದ ಕೊಡುತ್ತಾ ಬಂದಿರುವ ಸಾಲು ಇದು. ವಿದ್ಯಾರ್ಥಿಯಾಗಿದ್ದಾಗ ನಾನೂ ಇದನ್ನು ಬಾಯಿಪಾಠ ಮಾಡಿದ್ದೆ. ಈ ಪುಟ್ಟ ಸಾಲಿನೊಳಗೆ ಮೂರು ನಂಬಿಕೆಗಳು ಅಡಗಿವೆ ಎಂಬುದು ತಿಳಿದದ್ದು ರೋಗಿಗಳನ್ನು ನೋಡಲು ಶುರುಮಾಡಿದ ಮೇಲೆ. ಬಾಯಿಂದ ನುಂಗಿದ ಮಾತ್ರೆ ಮೂತ್ರಪಿಂಡವನ್ನು ಸಾಕಷ್ಟು ಪ್ರಮಾಣದಲ್ಲಿ ತಲುಪುತ್ತದೆ ಎಂಬುದು ಒಂದು. ಅಲ್ಲಿರುವ ರೋಗಾಣು ಆ ಔಷಧಕ್ಕೆ ಸಾಯುತ್ತದೆ ಎಂಬುದು ಎರಡು. ಏಳು ದಿನ ಸಾಕು ಎಂಬುದು ಮೂರು. ಮೊದಲನೆಯದು ಇಂದಿಗೂ ನಿಜ. ಎರಡನೆಯದು ನಮ್ಮ ನಾಡಿನಲ್ಲಿ ಹೆಚ್ಚಿನ ಮಟ್ಟಿಗೆ ಸುಳ್ಳಾಗಿದೆ. ಮೂರನೆಯದು ನಿಜವೇ ಆದರೂ, ಆ ಏಳನ್ನು ಯಾವ ದಿನದಿಂದ ಎಣಿಸಬೇಕು ಎಂಬುದರಲ್ಲೇ ನಾವು ಹೆಚ್ಚು ಎಡವುತ್ತೇವೆ.

ರೋಗದ ಪರಿಚಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಕರುಳಿನಲ್ಲಿರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಮೂತ್ರದ್ವಾರದಿಂದ ಮೂತ್ರಕೋಶಕ್ಕೆ, ಅಲ್ಲಿಂದ ಮೂತ್ರನಾಳದ ಮೂಲಕ ಮೂತ್ರಪಿಂಡಕ್ಕೆ ಏರುತ್ತದೆ. ಸೋಂಕು ಮೂತ್ರಕೋಶದಲ್ಲೇ ನಿಂತರೆ ಉರಿ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಅಷ್ಟೆ. ಮೂತ್ರಪಿಂಡಕ್ಕೆ ಏರಿದರೆ ಹಲ್ಲು ಕಟಕಟ ಎನ್ನುವಂಥ ಚಳಿ, ಜ್ವರ, ವಾಂತಿ, ಬೆನ್ನಿನ ಒಂದು ಪಕ್ಕೆಯಲ್ಲಿ ನೋವು. ಕೊನೆಯ ಪಕ್ಕೆಲುಬಿನ ಕೆಳಗೆ, ಬೆನ್ನುಮೂಳೆಯ ಪಕ್ಕದಲ್ಲಿ ಮೆಲ್ಲಗೆ ತಟ್ಟಿದರೂ ರೋಗಿ ಮುಖ ಹಿಂಡುತ್ತಾರೆ. ಉರಿಮೂತ್ರ ಇಲ್ಲದೆಯೂ ಇಷ್ಟೆಲ್ಲ ಇರಬಹುದು. ಹೀಗಾಗಿ ಮಳೆಗಾಲದಲ್ಲಿ ಇಂಥವರು ಡೆಂಗಿಯೆಂದೋ ಮಲೇರಿಯಾ ಎಂದೋ ರಕ್ತಪರೀಕ್ಷೆಗಳಲ್ಲೇ ಎರಡು ದಿನ ಕಳೆದುಬಿಡುವುದುಂಟು.

ಈಗ ಮೊದಲ ನಂಬಿಕೆಗೆ ಬರೋಣ. ರಕ್ತನಾಳಕ್ಕೆ ಚುಚ್ಚಿದ ಔಷಧವೇ ಬಲವಾದದ್ದು, ಮಾತ್ರೆ ಅದರ ತಮ್ಮ ಎಂಬ ಭಾವನೆ ರೋಗಿಗಳಲ್ಲಿ ಮಾತ್ರವಲ್ಲ, ನಮ್ಮಂಥ ವೈದ್ಯರಲ್ಲೂ ಇದೆ. ಫ್ಲೋರೋಕ್ವಿನೊಲೋನ್ ಗುಂಪಿನ ಮಟ್ಟಿಗೆ ಈ ಭಾವನೆಗೆ ಆಧಾರ ಬಹಳ ಕಡಿಮೆ. ನುಂಗಿದ ಸಿಪ್ರೊಫ್ಲಾಕ್ಸಸಿನ್‌ನ ಸುಮಾರು ಮುಕ್ಕಾಲು ಭಾಗ ರಕ್ತಕ್ಕೆ ಸೇರುತ್ತದೆ. ಲೆವೊಫ್ಲಾಕ್ಸಸಿನ್ ಆದರೆ ಹೆಚ್ಚುಕಡಿಮೆ ಪೂರ್ತಿಯಾಗಿ. ಎರಡೂ ಮೂತ್ರಪಿಂಡದ ಊತಕದಲ್ಲಿ ಮತ್ತು ಮೂತ್ರದಲ್ಲಿ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ದಟ್ಟವಾಗಿ ಶೇಖರವಾಗುತ್ತವೆ. 1999ರಲ್ಲಿ ಸ್ವಿಟ್ಜರ್ಲೆಂಡಿನ ಮೊಂಬೆಲ್ಲಿ ಮತ್ತು ಜೊತೆಗಾರರು ಇದನ್ನು ನೇರವಾಗಿ ಪರೀಕ್ಷಿಸಿದರು. ಆಸ್ಪತ್ರೆಗೆ ಸೇರಿಸಬೇಕಾದಷ್ಟು ತೀವ್ರ ಮೂತ್ರಸೋಂಕಿದ್ದ 141 ರೋಗಿಗಳಲ್ಲಿ ಕೆಲವರಿಗೆ ಸಿಪ್ರೊಫ್ಲಾಕ್ಸಸಿನ್ ಮಾತ್ರೆ, ಕೆಲವರಿಗೆ ಅದೇ ಔಷಧದ ಇಂಜೆಕ್ಷನ್. ಫಲಿತಾಂಶದಲ್ಲಿ ಎರಡೂ ಗುಂಪುಗಳು ಸರಿಸಮ. ರಕ್ತದೊತ್ತಡ ಕುಸಿದವರನ್ನು, ಮೂತ್ರದ ದಾರಿ ಕಟ್ಟಿದವರನ್ನು ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ ಎಂಬುದನ್ನು ಜೊತೆಗೇ ನೆನಪಿಡಬೇಕು.

ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಅಂದರೆ ವಾಂತಿ ಆಗುತ್ತಿದ್ದರೆ, ಈ ಸಮಾನತೆ ಮುರಿಯುತ್ತದೆ. ಹೊಟ್ಟೆಯಲ್ಲಿ ನಿಂತರೂ ಮುರಿಯುವ ಇನ್ನೊಂದು ದಾರಿ ಇದೆ. ಅದನ್ನು ನಾವು ಕೇಳುವುದೇ ಇಲ್ಲ. ಕ್ಯಾಲ್ಸಿಯಂ, ಕಬ್ಬಿಣ, ಸತು, ಮೆಗ್ನೀಸಿಯಂ ಇವು ಕರುಳಿನಲ್ಲೇ ಫ್ಲೋರೋಕ್ವಿನೊಲೋನನ್ನು ಹಿಡಿದು ಕಟ್ಟಿಹಾಕುತ್ತವೆ. ಕಟ್ಟುಬಿದ್ದ ಔಷಧ ರಕ್ತಕ್ಕೆ ಸೇರದೆ ಮಲದಲ್ಲಿ ಹೊರಹೋಗುತ್ತದೆ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ, ಮಂಡಿನೋವಿಗೆ ಕ್ಯಾಲ್ಸಿಯಂ, ಎದೆಯುರಿಗೆ ಆಂಟಾಸಿಡ್ ಸಿರಪ್, ಇವು ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಸಿಪ್ರೊಫ್ಲಾಕ್ಸಸಿನ್ ಮಾತ್ರೆಯನ್ನು ಇವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ತೆಗೆದುಕೊಳ್ಳಬೇಕು. ಬರೀ ಹಾಲಿನ ಜೊತೆ ನುಂಗಬಾರದು. 'ಖಾರದ ಮಾತ್ರೆ, ಹಾಲಿನ ಜೊತೆ ತಗೊಳ್ಳಿ' ಎಂಬ ಸಲಹೆ ಇಲ್ಲಿ ನೇರವಾಗಿ ಕೆಡಕು ಮಾಡುತ್ತದೆ. ಏಳು ದಿನದ ಚಿಕಿತ್ಸೆಯಲ್ಲಿ ಸರಳವಾದ ನಿಯಮ ಒಂದೇ: ಕ್ಯಾಲ್ಸಿಯಂ, ಕಬ್ಬಿಣ ಎರಡನ್ನೂ ಆ ಒಂದು ವಾರ ನಿಲ್ಲಿಸಿಬಿಡಿ.

ಎರಡನೆಯ ನಂಬಿಕೆ ಕಷ್ಟದ್ದು. ಅಮೆರಿಕದ ಸೋಂಕುರೋಗ ತಜ್ಞರ ಸಂಘ 2011ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಒಂದು ಗೆರೆ ಎಳೆಯಿತು. ಊರಿನ ಇ. ಕೋಲೈಗಳಲ್ಲಿ ಫ್ಲೋರೋಕ್ವಿನೊಲೋನ್ ನಿರೋಧ ಶೇಕಡಾ 10 ದಾಟಿಲ್ಲದಿದ್ದರೆ ಮಾತ್ರೆಯಿಂದಲೇ ಶುರುಮಾಡಬಹುದು. ದಾಟಿದ್ದರೆ ಮೊದಲು ದೀರ್ಘಕಾಲ ಕೆಲಸ ಮಾಡುವ ಒಂದು ಇಂಜೆಕ್ಷನ್ ಕೊಟ್ಟು ಆಮೇಲೆ ಮಾತ್ರೆಗೆ ಹೋಗಬೇಕು. ಆ ಇಂಜೆಕ್ಷನ್ ಸೆಫ್‌ಟ್ರಿಯಾಕ್ಸೋನ್ 1 ಗ್ರಾಂ ಆಗಿರಬಹುದು, ಇಲ್ಲವೇ ಅಮಿನೋಗ್ಲೈಕೋಸೈಡ್ ಗುಂಪಿನ ಔಷಧದ ಇಡೀ ದಿನದ ಪ್ರಮಾಣ. ಈ ಹತ್ತರ ಗೆರೆ ಯಾವುದೋ ಪ್ರಯೋಗದಿಂದ ಅಳೆದು ಬಂದದ್ದಲ್ಲ, ತಜ್ಞರು ಸೇರಿ ಒಪ್ಪಿಕೊಂಡದ್ದು. ಆದರೂ ತರ್ಕ ಗಟ್ಟಿಯಾಗಿದೆ. ಉರಿಮೂತ್ರದಲ್ಲಿ ಔಷಧ ತಪ್ಪಿದರೆ ಎರಡು ದಿನ ಉರಿ ಹೆಚ್ಚಾಗುತ್ತದೆ. ಮೂತ್ರಪಿಂಡದ ಸೋಂಕಿನಲ್ಲಿ ತಪ್ಪಿದರೆ ಆ ಎರಡು ದಿನದಲ್ಲಿ ರೋಗಾಣು ರಕ್ತಕ್ಕೆ ಇಳಿಯಬಹುದು.

ಭಾರತದಲ್ಲಿ ಈ ಗೆರೆಯನ್ನು ಎಂದೋ ದಾಟಿದ್ದೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪ್ರತಿವರ್ಷ ಪ್ರಕಟಿಸುವ ನಿರೋಧ ಸಮೀಕ್ಷೆಯಲ್ಲಿ, ದೊಡ್ಡ ಆಸ್ಪತ್ರೆಗಳಿಂದ ಬಂದ ಇ. ಕೋಲೈಗಳ ಪೈಕಿ ಬಹುಪಾಲು ಸಿಪ್ರೊಫ್ಲಾಕ್ಸಸಿನ್‌ಗೂ ಬಗ್ಗುವುದಿಲ್ಲ, ಸೆಫ್‌ಟ್ರಿಯಾಕ್ಸೋನ್‌ನಂಥ ಸೆಫಲೋಸ್ಪೋರಿನ್‌ಗಳಿಗೂ ಬಗ್ಗುವುದಿಲ್ಲ. ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ದೊಡ್ಡಾಸ್ಪತ್ರೆಯ ಲ್ಯಾಬ್‌ಗೆ ಬರುವ ಮೂತ್ರ ಹೆಚ್ಚಾಗಿ ಬೇರೆಡೆ ಔಷಧ ತಿಂದು ಸೋತು ಬಂದವರದ್ದು, ಕ್ಯಾಥೆಟರ್ ಇದ್ದವರದ್ದು, ಹಿಂದೆ ದಾಖಲಾಗಿದ್ದವರದ್ದು. ಹಳ್ಳಿಯಲ್ಲಿ ಮೊದಲ ಬಾರಿ ಜ್ವರ ಬಂದ ಇಪ್ಪತ್ತೈದರ ಹೆಣ್ಣುಮಗಳ ರೋಗಾಣು ಅಷ್ಟು ಪಳಗಿರಬೇಕೆಂದಿಲ್ಲ. ಆದರೆ ಅವಳ ರೋಗಾಣುವಿನ ಲೆಕ್ಕ ಯಾರ ಬಳಿಯೂ ಇಲ್ಲ, ಏಕೆಂದರೆ ಅವಳ ಮೂತ್ರವನ್ನು ಕಲ್ಚರ್‌ಗೆ ಕಳಿಸುವುದೇ ಇಲ್ಲ. ದೊಡ್ಡಾಸ್ಪತ್ರೆಯ ಅಂಕಿ ಅವಳಿಗೆ ಪೂರ್ತಿ ಅನ್ವಯಿಸದಿದ್ದರೂ ಶೇಕಡಾ 10ರ ಕೆಳಗೆ ಇದ್ದಾಳೆಂದು ನಂಬಲು ನನಗೆ ಧೈರ್ಯವಿಲ್ಲ.

ಈ ನಿರೋಧ ಹುಟ್ಟುವುದು ಹೀಗೆ. ಫ್ಲೋರೋಕ್ವಿನೊಲೋನ್‌ಗಳು ಬ್ಯಾಕ್ಟೀರಿಯಾದ ಡಿಎನ್‌ಎ ಸುರುಳಿಯನ್ನು ಬಿಚ್ಚಿ ಸುತ್ತುವ ಎರಡು ಕಿಣ್ವಗಳನ್ನು ಹಿಡಿಯುತ್ತವೆ. ಒಂದು ಕಿಣ್ವದ ಜೀನ್‌ನಲ್ಲಿ ಒಂದು ಬದಲಾವಣೆಯಾದರೆ ಔಷಧದ ಹಿಡಿತ ಸ್ವಲ್ಪ ಸಡಿಲ. ಎರಡನೆಯ, ಮೂರನೆಯ ಬದಲಾವಣೆ ಸೇರಿದಂತೆ ಪೂರ್ತಿ ಸಡಿಲ. ಅಂದರೆ ಮೆಟ್ಟಿಲು ಮೆಟ್ಟಿಲಾಗಿ. ಪ್ರತಿ ಬಾರಿ ಔಷಧ ತಿಂದಾಗಲೂ ಕರುಳಿನಲ್ಲಿರುವ ಇ. ಕೋಲೈಗಳಲ್ಲಿ ಒಂದು ಮೆಟ್ಟಿಲು ಹತ್ತಿದವೇ ಉಳಿಯುತ್ತವೆ. ಆದ್ದರಿಂದ ಊರಿನ ಅಂಕಿಗಿಂತ ರೋಗಿಯ ಸ್ವಂತ ಚರಿತ್ರೆ ಹೆಚ್ಚು ಹೇಳುತ್ತದೆ. ಕಳೆದ ಒಂದು ವರ್ಷದಲ್ಲಿ ಈ ಗುಂಪಿನ ಮಾತ್ರೆ ತಿಂದಿದ್ದಾರೆಯೇ? 'ಆಂಟಿಬಯೋಟಿಕ್ ತಿಂದಿದ್ದೀರಾ' ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. 'ಭೇದಿಗೆ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದಿದ್ದಿರಾ' ಎಂದು ಕೇಳಿದರೆ ಹೌದು ಎನ್ನುತ್ತಾರೆ. ಅದು ಬಹುಪಾಲು ಆಫ್ಲಾಕ್ಸಸಿನ್ ಮತ್ತು ಆರ್ನಿಡಜೋಲ್ ಬೆರೆಸಿದ ಮಾತ್ರೆ, ಇಲ್ಲವೇ ನಾರ್‌ಫ್ಲಾಕ್ಸಸಿನ್. ಎರಡೂ ಇದೇ ಗುಂಪು.

ಹಾಗಾದರೆ ಮೊದಲ ಇಂಜೆಕ್ಷನ್ ಏನು ಮಾಡುತ್ತದೆ? ಕಲ್ಚರ್ ವರದಿ ಬರುವವರೆಗಿನ ಒಂದೆರಡು ದಿನವನ್ನು ಅದು ಕಾಯುತ್ತದೆ. ಅಮೆರಿಕದ ತಲಾನ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಸುಳಿವಿದೆ. ಕೋಟ್ರೈಮೊಕ್ಸಜೋಲ್ ಕೊಟ್ಟ ಮಹಿಳೆಯರಲ್ಲಿ ಕೆಲವರ ರೋಗಾಣು ಆ ಔಷಧಕ್ಕೆ ನಿರೋಧ ಹೊಂದಿತ್ತು. ಅಂಥವರಲ್ಲಿ ಸೋಲು ಹೆಚ್ಚು. ಮೊದಲಿಗೆ ಒಂದು ಡೋಸ್ ಸೆಫ್‌ಟ್ರಿಯಾಕ್ಸೋನ್ ಪಡೆದಿದ್ದವರು ಸ್ವಲ್ಪ ಮಟ್ಟಿಗೆ ಪಾರಾಗಿದ್ದರು. ಆದರೆ ಅದು ಆ ದೇಶದ, ಆ ಕಾಲದ ಮಾತು. ಸೆಫ್‌ಟ್ರಿಯಾಕ್ಸೋನನ್ನು ಕತ್ತರಿಸುವ ಕಿಣ್ವಗಳು ಇ. ಕೋಲೈಗಳಲ್ಲಿ ಆಗಿನ್ನೂ ಹರಡಿರಲಿಲ್ಲ. ಇಲ್ಲಿ ಈಗ ಮೊದಲ ಡೋಸ್‌ಗೂ ಎರಡನೆಯ ಔಷಧಕ್ಕೂ ಒಂದೇ ರೋಗಾಣು ನಿರೋಧ ತೋರಿಸುವ ಸಾಧ್ಯತೆ ದೊಡ್ಡದು. ಹಾಗಾಗಿ, ಮೂತ್ರಪಿಂಡ ಚೆನ್ನಾಗಿ ಕೆಲಸ ಮಾಡುತ್ತಿರುವ, ಗರ್ಭಿಣಿಯಲ್ಲದ ರೋಗಿಗೆ ನನ್ನ ಮೊದಲ ಆಯ್ಕೆ ಅಮಿಕಾಸಿನ್: ದೇಹತೂಕದ ಪ್ರತಿ ಕಿಲೋಗೆ 15 ಮಿಲಿಗ್ರಾಂ, ದಿನಕ್ಕೆ ಒಂದೇ ಬಾರಿ. ಇಲ್ಲಿನ ಇ. ಕೋಲೈಗಳಲ್ಲಿ ಹೆಚ್ಚಿನವು ಇನ್ನೂ ಅದಕ್ಕೆ ಬಗ್ಗುತ್ತವೆ. ಅದು ಮೂತ್ರಪಿಂಡದ ಹೊರಪದರದಲ್ಲಿ ನೆಲೆನಿಂತು, ರಕ್ತದಿಂದ ಮಾಯವಾದ ಮೇಲೂ ಮೂತ್ರದಲ್ಲಿ ಜಿನುಗುತ್ತಿರುತ್ತದೆ. ಇದೇ ಗುಣ ಅದರ ಅಪಾಯವೂ ಹೌದು. ವಾರಗಟ್ಟಲೆ ಕೊಟ್ಟರೆ ಮೂತ್ರಪಿಂಡಕ್ಕೂ ಕಿವಿಗೂ ಪೆಟ್ಟು. ಒಂದೆರಡು ಡೋಸ್‌ಗೆ ಆ ಭಯ ಬಹಳ ಕಡಿಮೆ. ಕ್ರಿಯಾಟಿನಿನ್ ಏರಿದ್ದರೆ ಅಥವಾ ರಕ್ತದೊತ್ತಡ ಕುಸಿದಿದ್ದರೆ ಲೆಕ್ಕವೇ ಬೇರೆ. ಅವರನ್ನು ಆಸ್ಪತ್ರೆಗೆ ಸೇರಿಸಿ, ಕಾರ್ಬಪೆನೆಮ್ ಗುಂಪಿನ ಔಷಧದ ಮಾತೆತ್ತಬೇಕಾಗುತ್ತದೆ. ಗರ್ಭಿಣಿಗೆ ಫ್ಲೋರೋಕ್ವಿನೊಲೋನ್ ಕೊಡುವುದಿಲ್ಲ, ಅವರನ್ನು ದಾಖಲಿಸಿಯೇ ಚಿಕಿತ್ಸೆ ಕೊಡಬೇಕು. ಅವರ ವಿಷಯ ಈ ಲೇಖನದ ಹೊರಗೆ.

ಒಬ್ಬ ರೋಗಿಯ ಒಂದು ವಾರವನ್ನು ಹಿಡಿದು ನೋಡಿದರೆ ಇದೆಲ್ಲ ಸ್ಪಷ್ಟವಾಗುತ್ತದೆ. ಮೂವತ್ತಾರು ವರ್ಷದ ಶಾಲಾ ಶಿಕ್ಷಕಿ. ತೂಕ 50 ಕಿಲೋ. ಒಂದು ಸೋಮವಾರ ಸಂಜೆ ಗಂಡನ ಬೈಕಿನಲ್ಲಿ ಕಂಬಳಿ ಹೊದ್ದು ಬಂದರು. ಹಿಂದಿನ ದಿನದಿಂದ ಚಳಿಜ್ವರ, ಬಲ ಪಕ್ಕೆಯಲ್ಲಿ ನೋವು, ಮಧ್ಯಾಹ್ನ ಎರಡು ಸಲ ವಾಂತಿ. ಜ್ವರ 102.4, ನಾಡಿ 108, ರಕ್ತದೊತ್ತಡ 112/70. ಬಲಗಡೆ ಬೆನ್ನು ತಟ್ಟಿದಾಗ ತುಂಬ ನೋವು. ಸಕ್ಕರೆ ಕಾಯಿಲೆ ಇಲ್ಲ, ಕಲ್ಲಿನ ಚರಿತ್ರೆ ಇಲ್ಲ, ಮುಟ್ಟು ಹತ್ತು ದಿನದ ಹಿಂದೆ ಆಗಿತ್ತು. ಆದರೂ ಗರ್ಭಪರೀಕ್ಷೆ ಮಾಡಿದೆವು, ನೆಗೆಟಿವ್. ಕ್ರಿಯಾಟಿನಿನ್ 0.8. ಎರಡು ತಿಂಗಳ ಹಿಂದೆ ಮದುವೆಯೂಟದ ನಂತರ ಭೇದಿಯಾಗಿ ಅಂಗಡಿಯ ಮಾತ್ರೆ ಐದು ದಿನ ತಿಂದಿದ್ದರು. ಗಂಡ ಫೋನಿನಲ್ಲಿ ಮನೆಯವರಿಂದ ಖಾಲಿ ಪಟ್ಟಿಯ ಫೋಟೋ ತರಿಸಿದರು: ಆಫ್ಲಾಕ್ಸಸಿನ್.

ಆ ಒಂದು ಫೋಟೋದಿಂದ ನನ್ನ ನಿರ್ಧಾರ ಆಯಿತು. ಸಿಪ್ರೊಫ್ಲಾಕ್ಸಸಿನ್ ಮಾತ್ರೆಯಿಂದ ಶುರುಮಾಡುವ ಹಾಗಿಲ್ಲ. ಮೊದಲು ಮೂತ್ರದ ಮಧ್ಯಧಾರೆಯನ್ನು ಶುದ್ಧ ಡಬ್ಬಿಯಲ್ಲಿ ಹಿಡಿಸಿ ಕಲ್ಚರ್‌ಗೆ ಕಳಿಸಿದೆವು. ಈ ಕ್ರಮ ತಲೆಕೆಳಗಾಗಬಾರದು. ಒಂದು ಡೋಸ್ ಔಷಧ ಒಳಗೆ ಹೋದ ಕೆಲವೇ ಗಂಟೆಗಳಲ್ಲಿ ಮೂತ್ರದಲ್ಲಿ ರೋಗಾಣು ಬೆಳೆಯದಂತಾಗಬಹುದು. ಆಮೇಲೆ ಉಳಿದ ಚಿಕಿತ್ಸೆಯೆಲ್ಲ ಕತ್ತಲಲ್ಲಿ ತಡಕಾಟ. ಬಳಿಕ ಅಮಿಕಾಸಿನ್ 750 ಮಿಲಿಗ್ರಾಂ, 100 ಮಿಲಿಲೀಟರ್ ಸಲೈನ್‌ನಲ್ಲಿ ಬೆರೆಸಿ ಅರ್ಧ ಗಂಟೆಗೂ ಮಿಕ್ಕಿ ನಿಧಾನವಾಗಿ. ವಾಂತಿಗೆ ಒಂದು ಇಂಜೆಕ್ಷನ್, ಒಂದು ಲೀಟರ್ ಡ್ರಿಪ್, ಪ್ಯಾರಾಸಿಟಮಾಲ್. ಎರಡು ಗಂಟೆ ಕಳೆದ ಮೇಲೆ ಗಂಜಿ ಕುಡಿದರು, ಹೊಟ್ಟೆಯಲ್ಲಿ ನಿಂತಿತು. ಮನೆ ನಾಲ್ಕು ಕಿಲೋಮೀಟರ್, ಜೊತೆಗೆ ಜನ ಇದ್ದಾರೆ, ಫೋನ್ ಇದೆ. ಮನೆಗೆ ಕಳಿಸಿದೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ದಾಖಲು ಮಾಡಿಕೊಳ್ಳುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ಅಲ್ಟ್ರಾಸೌಂಡ್: ಬಲ ಮೂತ್ರಪಿಂಡ ಸ್ವಲ್ಪ ಊದಿದೆ, ಕಲ್ಲಿಲ್ಲ, ಮೂತ್ರ ಕಟ್ಟಿ ನಿಂತಿಲ್ಲ. ಸಂಜೆ ಅಮಿಕಾಸಿನ್ ಎರಡನೆಯ ಡೋಸ್. ಅಂದು ರಾತ್ರಿ ಒಂಬತ್ತಕ್ಕೆ ಗಂಡ ಫೋನ್ ಮಾಡಿದರು. "ಮತ್ತೆ 102 ಬಂದಿದೆ ಡಾಕ್ಟ್ರೇ. ಇಂಜೆಕ್ಷನ್ ಕೆಲಸ ಮಾಡ್ತಿಲ್ಲ ಅನ್ಸುತ್ತೆ. ಬೇರೆ ಪವರ್‌ಫುಲ್ ಕೊಡಬೇಕಾ?"

ಹೆಚ್ಚಿನ ತಪ್ಪುಗಳು ನಡೆಯುವುದು ಇಂಥ ಫೋನ್ ಕರೆಯ ನಂತರವೇ. ಸರಿಯಾದ ಔಷಧ ಬಿದ್ದರೂ ಮೂತ್ರಪಿಂಡದ ಸೋಂಕಿನ ಜ್ವರ ತಕ್ಷಣ ಇಳಿಯುವುದಿಲ್ಲ. ಕೆನಡಾದಲ್ಲಿ ಆಸ್ಪತ್ರೆಗೆ ದಾಖಲಾದವರನ್ನು ನೋಡಿ 1996ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಸುಮಾರು ಕಾಲು ಭಾಗದ ರೋಗಿಗಳಿಗೆ 48 ಗಂಟೆಯ ನಂತರವೂ ಜ್ವರವಿತ್ತು. ಎಂಟರಲ್ಲಿ ಒಬ್ಬರಿಗೆ 72 ಗಂಟೆಯ ನಂತರವೂ. ಊದಿಕೊಂಡ ಊತಕ ತಣ್ಣಗಾಗಲು ಸಮಯ ಬೇಕು. ಎರಡನೆಯ ರಾತ್ರಿಯ ಜ್ವರ ನೋಡಿ ಔಷಧ ಬದಲಿಸಿದರೆ, ಮೂರನೆಯ ದಿನ ಹೇಗೂ ಇಳಿಯಬೇಕಿದ್ದ ಜ್ವರದ ಶ್ರೇಯಸ್ಸು ಹೊಸ ಔಷಧಕ್ಕೆ ಹೋಗುತ್ತದೆ. ಆ ರಾತ್ರಿ ನಾನು ಕೇಳಿದ್ದು ಬೇರೆ ಪ್ರಶ್ನೆಗಳನ್ನು. ಚಳಿ ನಡುಕ ಮತ್ತೆ ಬಂತೇ? ಇಲ್ಲ, ಬರೀ ಮೈಬಿಸಿ. ನೀರು ಕುಡಿಯುತ್ತಿದ್ದಾರೆಯೇ? ಹೌದು. ಎಷ್ಟು ಸಲ ಮೂತ್ರಕ್ಕೆ ಹೋದರು? ಐದು. ಮಾತು ಸರಿಯಾಗಿದೆಯೇ? ಊಟ ಸಾಕೆಂದು ಜಗಳ ಆಡುತ್ತಿದ್ದಾರೆ. ಬುಧವಾರ ಬನ್ನಿ ಎಂದೆ.

ಬುಧವಾರ ಮಧ್ಯಾಹ್ನ ವರದಿ ಬಂತು. ಇ. ಕೋಲೈ, ಮಿಲಿಲೀಟರಿಗೆ ಒಂದು ಲಕ್ಷಕ್ಕೂ ಹೆಚ್ಚು. ಸೆಫ್‌ಟ್ರಿಯಾಕ್ಸೋನ್ ಎದುರಿಗೆ 'ಆರ್', ನಿರೋಧ. ಅಮಿಕಾಸಿನ್ 'ಎಸ್'. ಸಿಪ್ರೊಫ್ಲಾಕ್ಸಸಿನ್, ನನ್ನ ನಿರೀಕ್ಷೆಗೆ ವಿರುದ್ಧವಾಗಿ, 'ಎಸ್'. ನೈಟ್ರೊಫ್ಯುರಾಂಟೊಯಿನ್ ಮತ್ತು ಫಾಸ್ಫೊಮೈಸಿನ್ ಕೂಡ 'ಎಸ್'.

ವರದಿ ಓದುವುದರಲ್ಲಿ ಎರಡು ಬಲೆಗಳಿವೆ. ನೈಟ್ರೊಫ್ಯುರಾಂಟೊಯಿನ್ ಮೂತ್ರದಲ್ಲಿ ದಟ್ಟವಾಗಿ ಇರುತ್ತದೆ, ಮೂತ್ರಪಿಂಡದ ಊತಕದಲ್ಲಿ ಇರುವುದೇ ಇಲ್ಲ. ಮೂತ್ರಕೋಶದ ಉರಿಗೆ ಅದು ಉತ್ತಮ ಔಷಧ. ಪೈಲೊನೆಫ್ರೈಟಿಸ್‌ಗೆ ವರದಿ ಏನೇ ಹೇಳಲಿ, ಅದನ್ನು ಕೊಡಬಾರದು. ಒಂದೇ ಪೊಟ್ಟಣದ ಫಾಸ್ಫೊಮೈಸಿನ್ ಪುಡಿಗೂ ಇದೇ ಮಾತು. ತಟ್ಟೆಯ ಮೇಲೆ ರೋಗಾಣು ಸಾಯುತ್ತದೆಯೇ ಎಂಬುದಷ್ಟೇ ಲ್ಯಾಬ್‌ಗೆ ಗೊತ್ತು, ಔಷಧ ಎಲ್ಲಿಗೆ ತಲುಪುತ್ತದೆ ಎಂಬುದು ಗೊತ್ತಿಲ್ಲ. ಎರಡನೆಯ ಬಲೆ ಇನ್ನೂ ಸೂಕ್ಷ್ಮ. ಸಿಪ್ರೊಫ್ಲಾಕ್ಸಸಿನ್‌ಗೆ 'ಎಸ್' ಎನ್ನಲು ಬೇಕಾದ ಅಳತೆಯನ್ನು 2019ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಬಿಗಿಗೊಳಿಸಿತು: ಮೊದಲು ಮಿಲಿಲೀಟರಿಗೆ 1 ಮೈಕ್ರೋಗ್ರಾಂವರೆಗೆ ಸಾಯುವ ರೋಗಾಣು 'ಎಸ್' ಆಗಿತ್ತು, ಈಗ 0.25ರವರೆಗೆ ಮಾತ್ರ. ಮೊದಲ ಮೆಟ್ಟಿಲು ಹತ್ತಿಬಿಟ್ಟ ರೋಗಾಣುಗಳು ಹಳೆಯ ಅಳತೆಯಲ್ಲಿ ಸಭ್ಯರಂತೆ ಕಾಣುತ್ತಿದ್ದವು. ಆದ್ದರಿಂದ ಹಿಂದೆ ಇದೇ ಗುಂಪಿನ ಮಾತ್ರೆ ತಿಂದವರ ವರದಿಯಲ್ಲಿ 'ಎಸ್' ಕಂಡಾಗ ಲ್ಯಾಬ್‌ಗೆ ಫೋನ್ ಮಾಡಿ ಅಂಕಿಯನ್ನೇ ಕೇಳುವುದು ಒಳ್ಳೆಯದು. ಕೇಳಿದೆ. 0.25 ಅಥವಾ ಅದಕ್ಕೂ ಕಡಿಮೆ ಎಂದರು.

ಬುಧವಾರ ಸಂಜೆಯಿಂದ ಸಿಪ್ರೊಫ್ಲಾಕ್ಸಸಿನ್ 500, ದಿನಕ್ಕೆರಡು. ಎಷ್ಟು ದಿನ? ಇಲ್ಲಿಗೆ ಮೂರನೆಯ ನಂಬಿಕೆ ಬಂತು.

ಚಿಕಿತ್ಸೆಯ ಅವಧಿಯ ಕಥೆ ಉದ್ದದಿಂದ ಗಿಡ್ಡಕ್ಕೆ ಬಂದ ಕಥೆ. ಒಂದು ಕಾಲಕ್ಕೆ ಆರು ವಾರ ಕೊಡುತ್ತಿದ್ದರು. 1987ರಲ್ಲಿ ಸಿಯಾಟಲ್‌ನ ಸ್ಟಾಮ್ ಮತ್ತು ಸಂಗಡಿಗರು ಎರಡು ವಾರವನ್ನೂ ಆರು ವಾರವನ್ನೂ ಹೋಲಿಸಿ, ಹೆಚ್ಚಿನ ನಾಲ್ಕು ವಾರದಿಂದ ಏನೂ ಲಾಭವಿಲ್ಲ ಎಂದು ತೋರಿಸಿದರು. ಹದಿನಾಲ್ಕು ದಿನ ನೆಲೆಯಾಯಿತು. ಇನ್ನೂ ಇಳಿಸೋಣವೆಂದು 1988ರಲ್ಲಿ ಇನ್ನೊಂದು ಗುಂಪು ಪೆನಿಸಿಲಿನ್ ಜಾತಿಯ ಔಷಧವನ್ನು ಒಂದು ವಾರ ಮತ್ತು ಮೂರು ವಾರ ಕೊಟ್ಟು ನೋಡಿತು. ಒಂದು ವಾರದ ಗುಂಪು ಕೆಟ್ಟದಾಗಿ ಸೋತಿತು. ಇದೇ ಏಳು ದಿನ ಸಿಪ್ರೊಫ್ಲಾಕ್ಸಸಿನ್ ಕೈಗೆ ಸಿಕ್ಕಾಗ ಗೆದ್ದಿತು. ಆಗಲೇ ಹೇಳಿದ ತಲಾನ್ ಅವರ ಅಧ್ಯಯನದಲ್ಲಿ ಸಿಪ್ರೊಫ್ಲಾಕ್ಸಸಿನ್ 7 ದಿನ ಪಡೆದ ಮಹಿಳೆಯರಲ್ಲಿ ಶೇಕಡಾ 96 ಮಂದಿ ಗುಣವಾದರು. ಕೋಟ್ರೈಮೊಕ್ಸಜೋಲ್ 14 ದಿನ ಪಡೆದವರಲ್ಲಿ ಶೇಕಡಾ 83. ಒಂದೇ ಔಷಧವನ್ನು ಎರಡು ಅವಧಿಗೆ ಕೊಟ್ಟು ಹೋಲಿಸುವ ಕೆಲಸವನ್ನು ಸ್ವೀಡನ್ನಿನ ಸಾಂಡ್‌ಬರ್ಗ್ ಮತ್ತು ತಂಡ ಮಾಡಿತು, 2012ರಲ್ಲಿ. ಸಿಪ್ರೊಫ್ಲಾಕ್ಸಸಿನ್ 7 ದಿನ ಪಡೆದವರಲ್ಲಿ ಶೇಕಡಾ 97, 14 ದಿನ ಪಡೆದವರಲ್ಲಿ ಶೇಕಡಾ 96 ಗುಣ. ಅವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಹಿಳೆಯರ ರಕ್ತದಲ್ಲೂ ರೋಗಾಣು ಬೆಳೆದಿತ್ತು. ಹೆಚ್ಚಿನ ಏಳು ದಿನ ತಂದದ್ದು ಒಂದೇ: ಆ ಗುಂಪಿನ ಕೆಲವರಿಗೆ ಶಿಲೀಂಧ್ರದ ಸೋಂಕು.

ಈ ಅಧ್ಯಯನಗಳನ್ನು ಒಟ್ಟಿಗಿಟ್ಟು ಓದಿದಾಗ ನನಗೆ ಕಾಣುವುದು ಇಷ್ಟು. ಏಳು ಎಂಬುದು ರೋಗದ ಅಂಕಿಯಲ್ಲ, ರೋಗಾಣುವನ್ನು ಊತಕದೊಳಗೇ ಬೇಗ ಕೊಲ್ಲಬಲ್ಲ ಔಷಧದ ಅಂಕಿ. ಲೆವೊಫ್ಲಾಕ್ಸಸಿನ್ 750 ಮಿಲಿಗ್ರಾಂ ದಿನಕ್ಕೊಂದರಂತೆ ಕೊಟ್ಟರೆ ಐದು ದಿನವೂ ಸಾಕೆಂದು ಮುಂದಿನ ಅಧ್ಯಯನಗಳು ಹೇಳಿದವು. 2025ರಲ್ಲಿ ಅಮೆರಿಕದ ಸಂಘ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿ, ರೋಗಿ ಚೇತರಿಸಿಕೊಳ್ಳುತ್ತಿದ್ದರೆ ಫ್ಲೋರೋಕ್ವಿನೊಲೋನ್ 5ರಿಂದ 7 ದಿನ, ಬೇರೆ ಔಷಧಗಳು 7 ದಿನ ಎಂದಿತು. ಬೇರೆ ಔಷಧಗಳ ಮಾತಿಗೆ ಹಿಂದಿನಷ್ಟು ಹಿಂಜರಿಕೆ ಈಗ ಬೇಡ ಎಂಬುದು ನಿಜ. ಆದರೂ ನುಂಗುವ ಸೆಫಲೋಸ್ಪೋರಿನ್ ಮಾತ್ರೆಯನ್ನು, ಅದರಲ್ಲೂ ನಮ್ಮಲ್ಲಿ ಎಲ್ಲೆಡೆ ಬರೆಯುವ ಸೆಫಿಕ್ಸೈಮನ್ನು, ಸಿಪ್ರೊಫ್ಲಾಕ್ಸಸಿನ್‌ಗೆ ಸರಿಸಮ ಎಂದು ನಾನು ಎಣಿಸುವುದಿಲ್ಲ. ರಕ್ತಕ್ಕೆ ಸೇರುವ ಅದರ ಪಾಲು ಅರ್ಧಕ್ಕಿಂತ ಕಡಿಮೆ.

ರಕ್ತದಲ್ಲಿ ರೋಗಾಣು ಬೆಳೆದ ಕೂಡಲೇ ಏಳನ್ನು ಹದಿನಾಲ್ಕು ಮಾಡುವ ಅಭ್ಯಾಸವೂ ಸಡಿಲಗೊಳ್ಳುತ್ತಿದೆ. 2024ರಲ್ಲಿ ಪ್ರಕಟವಾದ ಬ್ಯಾಲೆನ್ಸ್ ಎಂಬ ಅಧ್ಯಯನ ಏಳು ದೇಶಗಳ 3,608 ಮಂದಿಯನ್ನು ಒಳಗೊಂಡಿತ್ತು. ರಕ್ತದ ಸೋಂಕಿಗೆ 7 ದಿನ ಔಷಧ ಪಡೆದವರಲ್ಲಿ ತೊಂಬತ್ತು ದಿನದೊಳಗೆ ಸತ್ತವರು ಶೇಕಡಾ 14.5, ಹದಿನಾಲ್ಕು ದಿನ ಪಡೆದವರಲ್ಲಿ 16.1. ಸೋಂಕಿನ ಮೂಲಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಪಾಲು ಮೂತ್ರದ್ದೇ ಆಗಿತ್ತು.

ಗಂಡಸರ ಮಾತು ಬೇರೆ. ಅಲ್ಲಿ ನಾನು ಏಳಕ್ಕೆ ಇಳಿಯಲು ಅವಸರಪಡುವುದಿಲ್ಲ. ಜ್ವರ ಬಂದ ಗಂಡಸಿನ ಮೂತ್ರಸೋಂಕಿನಲ್ಲಿ ಪ್ರಾಸ್ಟೇಟ್ ಗ್ರಂಥಿಯೂ ಸೋಂಕಿಗೆ ಸಿಕ್ಕಿರುತ್ತದೆ, ಅದರೊಳಗೆ ಔಷಧ ನುಸುಳುವುದು ನಿಧಾನ. ಫ್ರಾನ್ಸಿನಲ್ಲಿ 282 ಗಂಡಸರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಫ್ಲಾಕ್ಸಸಿನ್ ಏಳು ದಿನ ಪಡೆದವರಲ್ಲಿ ಯಶಸ್ಸು ಶೇಕಡಾ 56ರ ಹತ್ತಿರ ನಿಂತಿತು, ಹದಿನಾಲ್ಕು ದಿನದವರಲ್ಲಿ 78ರ ಹತ್ತಿರ. ಹಿಂದೆ ನೆದರ್ಲೆಂಡ್ಸ್‌ನ ಇನ್ನೊಂದು ಅಧ್ಯಯನವೂ ಗಂಡಸರಲ್ಲಿ ಏಳು ದಿನ ಹಿಂದೆ ಬಿದ್ದದ್ದನ್ನು ಕಂಡಿತ್ತು. ಜ್ವರವಿಲ್ಲದ ಗಂಡಸರಿಗೆ ಏಳು ದಿನ ಸಾಕೆಂದು ಅಮೆರಿಕದ ಅಧ್ಯಯನವೊಂದು 2021ರಲ್ಲಿ ತೋರಿಸಿದೆ, ಅದು ಬೇರೆಯೇ ರೋಗ. ಜ್ವರದ ಗಂಡಸಿಗೆ, ಪ್ರಾಸ್ಟೇಟ್ ನೋಯುತ್ತಿದ್ದರೆ, ನಾನು ಹದಿನಾಲ್ಕು ದಿನವನ್ನೇ ಬರೆಯುತ್ತೇನೆ.

ಇನ್ನು ಎಣಿಕೆ. ರೋಗಾಣುವನ್ನು ಕೊಲ್ಲುವ ಔಷಧ ಮೊದಲ ಬಾರಿ ಒಳಗೆ ಹೋದ ದಿನವೇ ಒಂದನೆಯ ದಿನ. ಶಿಕ್ಷಕಿಯ ವಿಷಯದಲ್ಲಿ ಅದು ಸೋಮವಾರ ಸಂಜೆ, ಏಕೆಂದರೆ ಅಮಿಕಾಸಿನ್‌ಗೆ ಅವರ ರೋಗಾಣು ಬಗ್ಗುತ್ತದೆಂದು ವರದಿ ಹೇಳಿದೆ. ಇಂಜೆಕ್ಷನ್‌ನ ದಿನಗಳನ್ನು ಬಿಟ್ಟು ಮಾತ್ರೆ ಶುರುವಾದ ಬುಧವಾರದಿಂದ ಹೊಸದಾಗಿ ಏಳು ಎಣಿಸುವುದು ನಮ್ಮಲ್ಲಿ ಸಾಮಾನ್ಯ, ಅದಕ್ಕೆ ಕಾರಣವಿಲ್ಲ. ಸೋಮವಾರ ಸಂಜೆಯಿಂದ ಮುಂದಿನ ಸೋಮವಾರ ಸಂಜೆಗೆ ಏಳು ದಿನ ತುಂಬುತ್ತದೆ. ಬುಧವಾರ ರಾತ್ರಿ ಒಂದು, ಗುರುವಾರದಿಂದ ಭಾನುವಾರದವರೆಗೆ ದಿನಕ್ಕೆರಡರಂತೆ ಎಂಟು, ಸೋಮವಾರ ಬೆಳಿಗ್ಗೆ ಒಂದು. ಹತ್ತು ಮಾತ್ರೆ, ಸರಿಯಾಗಿ ಒಂದು ಪಟ್ಟಿ.

ಅದೇ ಸೋಮವಾರ ನಾನು ಅಮಿಕಾಸಿನ್ ಬದಲು ಸೆಫ್‌ಟ್ರಿಯಾಕ್ಸೋನ್ ಕೊಟ್ಟಿದ್ದರೆ? ವರದಿಯಲ್ಲಿ ಅದು 'ಆರ್'. ಆಗ ಎರಡು ದಿನದ ಇಂಜೆಕ್ಷನ್ ಲೆಕ್ಕಕ್ಕಿಲ್ಲ. ಜ್ವರ ಸ್ವಲ್ಪ ಇಳಿದಿದ್ದರೂ ಎಣಿಕೆ ಬುಧವಾರದಿಂದಲೇ ಶುರು. ವರದಿಯಲ್ಲಿ ಸಿಪ್ರೊಫ್ಲಾಕ್ಸಸಿನ್ ಕೂಡ 'ಆರ್' ಎಂದಿದ್ದರೆ ಮೊದಲು ಕೋಟ್ರೈಮೊಕ್ಸಜೋಲ್ ಕಡೆ ನೋಡುತ್ತಿದ್ದೆ, ಏಕೆಂದರೆ ಎಲ್ಲ ಬಾಗಿಲು ಮುಚ್ಚಿದ ರೋಗಾಣುವೂ ಕೆಲವೊಮ್ಮೆ ಈ ಹಳೆಯ ಮಾತ್ರೆಗೆ ಬಗ್ಗುತ್ತದೆ. ಅದೂ ಇಲ್ಲವಾದರೆ ನುಂಗುವ ದಾರಿಯೇ ಇಲ್ಲ. ಎರ್ಟಾಪೆನೆಮ್ 1 ಗ್ರಾಂ ದಿನಕ್ಕೊಮ್ಮೆ, ದಿನಾ ಬಂದು ಹಾಕಿಸಿಕೊಂಡು ಹೋಗುವಂತೆ ಏಳು ದಿನ. ಅದರ ಖರ್ಚು ಒಂದು ಕುಟುಂಬದ ತಿಂಗಳ ಲೆಕ್ಕವನ್ನು ಬುಡಮೇಲು ಮಾಡುತ್ತದೆ. ಭೇದಿಗೆ ಅಂಗಡಿಯಿಂದ ತಂದ ಆ ಐದು ದಿನದ ಮಾತ್ರೆಯ ನಿಜವಾದ ಬೆಲೆ ಇಂಥ ಕಡೆ ಗೊತ್ತಾಗುತ್ತದೆ, ನನಗೆ ಅದು ಪ್ರತಿಬಾರಿಯೂ ಸಂಕಟ ತರುತ್ತದೆ.

ಎಣಿಕೆಯನ್ನು ಹಿಂದಕ್ಕೆ ತಳ್ಳುವ ಇನ್ನೊಂದು ಸಂಗತಿ ಕಲ್ಲು. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿ, ಅದರ ಮೇಲೆ ಸೋಂಕಿನ ಮೂತ್ರ ಕಟ್ಟಿ ನಿಂತರೆ ಯಾವ ಔಷಧವೂ ಒಳಗೆ ಸಾಕಷ್ಟು ಇಳಿಯುವುದಿಲ್ಲ. ಅಲ್ಲಿ ಏಳು ದಿನದ ಎಣಿಕೆ ಸ್ಟೆಂಟ್ ಹಾಕಿ ಅಥವಾ ಬೆನ್ನಿನಿಂದ ನಳಿಕೆ ಇಳಿಸಿ ಮೂತ್ರ ಹರಿದ ದಿನದಿಂದ. ಅದನ್ನು ಮಾಡದೆ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಬದಲಿಸುತ್ತ ಕೂತು ರೋಗಿ ಕೈತಪ್ಪಿದ್ದನ್ನು ನನ್ನ ತರಬೇತಿಯ ದಿನಗಳಲ್ಲಿ ಕಂಡಿದ್ದೇನೆ. ಗಂಡಸರು, ಸಕ್ಕರೆ ಕಾಯಿಲೆಯವರು, ಕಲ್ಲಿನ ಚರಿತ್ರೆಯವರು, ರಕ್ತದೊತ್ತಡ ಇಳಿದವರು ಇವರಿಗೆ ಮೊದಲ ದಿನವೇ ಅಲ್ಟ್ರಾಸೌಂಡ್ ಬೇಕು. ಮಿಕ್ಕವರಿಗೆ, ಸರಿಯಾದ ಔಷಧ ಬಿದ್ದು 72 ಗಂಟೆಯಾದರೂ ಜ್ವರ ಇಳಿಯುವ ಹಾದಿ ಹಿಡಿಯದಿದ್ದರೆ ಸಿಟಿ ಸ್ಕ್ಯಾನ್. ಕೀವುಗಡ್ಡೆ, ಅಥವಾ ಸಕ್ಕರೆ ಕಾಯಿಲೆಯವರಲ್ಲಿ ಮೂತ್ರಪಿಂಡದೊಳಗೆ ಗಾಳಿ ತುಂಬುವ ಅಪಾಯಕಾರಿ ರೂಪ, ಅಲ್ಲಿ ಕಾಣಬಹುದು.

ಸಿಪ್ರೊಫ್ಲಾಕ್ಸಸಿನ್ ಬರೆಯುವಾಗ ಅವಧಿ ಗಿಡ್ಡವಿದ್ದಷ್ಟೂ ಒಳ್ಳೆಯದು ಎನ್ನಲು ಬೇರೆ ಕಾರಣಗಳೂ ಇವೆ. ಹಿಮ್ಮಡಿಯ ಸ್ನಾಯುರಜ್ಜು ಹರಿಯುವ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ಕಪ್ಪು ಚೌಕದಲ್ಲಿ ಹಾಕಿದರು. ಅರವತ್ತು ದಾಟಿದವರಲ್ಲಿ, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆ ತೆಗೆದುಕೊಳ್ಳುವ ವಯಸ್ಸಾದವರಲ್ಲಿ ರಕ್ತದ ಸಕ್ಕರೆ ಹಠಾತ್ತನೆ ಕುಸಿಯಬಹುದು. ಊಟ ಸೇರದ ಜ್ವರದ ದಿನಗಳಲ್ಲಿ ಇದು ನಮ್ಮ ಮನೆಗಳಲ್ಲಿ ನಿಜವಾದ ಅಪಾಯ. ಮೂಳೆನೋವಿನ ಮಾತ್ರೆಗಳಲ್ಲಿ ಬೆರೆತು ಬರುವ ಟಿಜಾನಿಡಿನ್ ಜೊತೆಗೆ ಸಿಪ್ರೊಫ್ಲಾಕ್ಸಸಿನ್ ಕೊಡಲೇಬಾರದು, ರಕ್ತದೊತ್ತಡ ಬಿದ್ದುಹೋಗುತ್ತದೆ. ಪಕ್ಕೆನೋವೆಂದು ಬಂದವರು ಅದನ್ನು ಆಗಲೇ ನುಂಗಿರುವ ಸಾಧ್ಯತೆ ಇದೆ. ಮೂತ್ರದಲ್ಲಿ ಕೀವಿದ್ದೂ ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಈ ಮಾತ್ರೆಯಿಂದ ಅರ್ಧಮರ್ಧ ಸುಧಾರಿಸಿ ಮತ್ತೆ ಮತ್ತೆ ಬರುವವರಲ್ಲಿ ಮೂತ್ರಾಂಗದ ಕ್ಷಯವನ್ನು ಹುಡುಕಬೇಕು. ಕ್ಷಯದ ರೋಗಾಣುವನ್ನೂ ಈ ಗುಂಪಿನ ಔಷಧಗಳು ಅದುಮುತ್ತವೆ, ಪೂರ್ತಿ ಕೊಲ್ಲದೆ ಮರೆಮಾಡುತ್ತವೆ.

ಶಿಕ್ಷಕಿಗೆ ಗುರುವಾರ ಬೆಳಿಗ್ಗೆ ಜ್ವರ ಬಿಟ್ಟಿತು, ಮೊದಲ ಡೋಸ್‌ನಿಂದ ಸುಮಾರು ಅರವತ್ತು ಗಂಟೆಗೆ. ಪಕ್ಕೆನೋವು ಶನಿವಾರದವರೆಗೂ ಇತ್ತು. ಸೋಮವಾರ ಪಟ್ಟಿ ಮುಗಿದ ದಿನ ಫೋನ್ ಮಾಡಿ, ಇನ್ನೊಂದು ಪಟ್ಟಿ ತಗೊಂಡು ಹದಿನಾಲ್ಕು ದಿನ ಮುಗಿಸಲೇ, ಮೂತ್ರ ಮತ್ತೆ ಪರೀಕ್ಷೆ ಮಾಡಿಸಲೇ ಎಂದು ಕೇಳಿದರು. ಎರಡೂ ಬೇಡ ಎಂದೆ. ಲಕ್ಷಣಗಳಿಲ್ಲದಿರುವಾಗ ಮೂತ್ರದಲ್ಲಿ ಏನಾದರೂ ಕಂಡರೆ ಅದಕ್ಕೆ ಔಷಧ ಕೊಡಬೇಕಾಗಿಲ್ಲ, ಕಾಣದಿದ್ದರೆ ಹೊಸದೇನೂ ತಿಳಿಯುವುದಿಲ್ಲ. ಎರಡು ವಾರದೊಳಗೆ ಚಳಿ ಮರುಕಳಿಸಿದರೆ ಮಾತ್ರ ಯಾವ ಮಾತ್ರೆಯನ್ನೂ ನುಂಗದೆ ಮೊದಲು ಮೂತ್ರದ ಡಬ್ಬಿ ಹಿಡಿದು ಬನ್ನಿ ಎಂದು ಹೇಳಿ, ಆ ಕಲ್ಚರ್ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಲು ತಿಳಿಸಿದೆ. ಮುಂದೆ ಯಾವ ಊರಿನಲ್ಲಿ ಯಾವ ವೈದ್ಯರು ನೋಡಿದರೂ ಅವರ ಮೊದಲ ಇಂಜೆಕ್ಷನ್ ಯಾವುದಾಗಬೇಕು ಎಂಬುದು ಆ ಹಾಳೆಯಲ್ಲಿದೆ.